‘ಉತ್ತಮ’ ಎಂಬ ಪ್ರತಿಕೂಲ ಷರಾ: ಸರ್ಕಾರಿ ಗೋಪ್ಯ ವರದಿ ಮತ್ತು ಕಂಪೆನಿಗಳ ಕಾರ್ಯಮೌಲ್ಯಮಾಪನ

ಸ್ವಾತಂತ್ರ್ಯೋತ್ತರ ಭಾರತದ ಆಡಳಿತ ಚರಿತ್ರೆಯನ್ನು ಬರೆದವರು ಶಾಸನಗಳನ್ನೂ ಆಯೋಗಗಳ ವರದಿಗಳನ್ನೂ ಆಕರಗಳಾಗಿ ಬಳಸಿದ್ದಾರೆ. ಕಚೇರಿಯ ಬೀರುವಿನಲ್ಲಿ ಮೊಹರು ಮಾಡಿದ ಲಕೋಟೆಯೊಳಗೆ ಉಳಿಯುತ್ತಿದ್ದ ನೌಕರರ ವಾರ್ಷಿಕ ಗೋಪ್ಯ ವರದಿ ಅವರ ಗಮನಕ್ಕೆ ಬಂದದ್ದು ಕಡಿಮೆ. ‘ಸಿ.ಆರ್.’ ಎಂಬ ಎರಡಕ್ಷರಗಳಿಂದ ಕಚೇರಿಗಳಲ್ಲಿ ಪರಿಚಿತವಾಗಿದ್ದ ಈ ದಾಖಲೆ ನೌಕರನ ಮುಂಬಡ್ತಿಯನ್ನು ನಿರ್ಧರಿಸುತ್ತಿತ್ತು. ಆದರೆ ಅದರಲ್ಲಿ ಏನಿದೆಯೆಂಬುದು ಆ ನೌಕರನಿಗೇ ತಿಳಿಯುತ್ತಿರಲಿಲ್ಲ. ಖಾಸಗಿ ಕಂಪೆನಿಗಳಲ್ಲಿ ಬೆಳೆದುಬಂದ ಕಾರ್ಯಮೌಲ್ಯಮಾಪನವಾದರೋ ನೌಕರನೊಡನೆ ಮುಖಾಮುಖಿ ಮಾತುಕತೆಯನ್ನೇ ತನ್ನ ಲಕ್ಷಣವೆಂದು ಹೇಳಿಕೊಂಡಿತು. ಆದ್ದರಿಂದ ಮೊದಲನೆಯದು ಮುಚ್ಚಿದ ಪದ್ಧತಿ, ಎರಡನೆಯದು ತೆರೆದ ಪದ್ಧತಿ ಎಂಬ ಭಾವನೆ ರೂಢಿಯಲ್ಲಿದೆ.

ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ. ಶ್ರೇಣಿ ನೀಡುವ ಕ್ರಮ, ಒಕ್ಕಣೆ, ಪ್ರಶ್ನಿಸುವ ಅವಕಾಶ ಎಂಬ ಮೂರು ನೆಲೆಗಳಲ್ಲಿ ಎರಡು ಪದ್ಧತಿಗಳನ್ನು ಹೋಲಿಸಿ ನೋಡಿದರೆ, ಗೋಪ್ಯತೆ ಎರಡರಲ್ಲೂ ಇದ್ದು ಅದರ ಸ್ಥಾನ ಮಾತ್ರ ಬೇರೆಯೆಂಬುದು ತಿಳಿಯುತ್ತದೆ. ಸರ್ಕಾರಿ ಕಚೇರಿಯಲ್ಲಿ ಮಾನದಂಡ ಬಹಿರಂಗವಾಗಿದ್ದು ನೌಕರನ ಕುರಿತ ಮಾತು ಗುಪ್ತವಾಗಿತ್ತು. ಕಂಪೆನಿಯಲ್ಲಿ ಮಾತು ಬಹಿರಂಗವಾಗಿದ್ದು ಮಾನದಂಡ ಗುಪ್ತವಾಗಿ ಉಳಿಯಿತು. ಈ ವ್ಯತ್ಯಾಸವನ್ನು ಸ್ಪಷ್ಟಪಡಿಸಲು 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದ ದೇವ್ ದತ್ ಪ್ರಕರಣವನ್ನು ಇಲ್ಲಿ ಮುಖ್ಯ ಆಕರವಾಗಿ ಎತ್ತಿಕೊಳ್ಳಲಾಗಿದೆ.

ಗೋಪ್ಯ ವರದಿಯ ಸ್ವರೂಪ

ಗೋಪ್ಯ ವರದಿ ಮೂರು ಕೈಗಳನ್ನು ದಾಟಿ ಪೂರ್ಣಗೊಳ್ಳುವ ದಾಖಲೆ. ನೌಕರನ ಕೆಲಸವನ್ನು ಹತ್ತಿರದಿಂದ ಕಂಡ ಮೇಲಧಿಕಾರಿ ವರದಿ ಬರೆಯುತ್ತಾನೆ. ಅವನ ಮೇಲಿನವನು ಅದನ್ನು ಪರಿಶೀಲಿಸುತ್ತಾನೆ. ಕೆಲವು ಹುದ್ದೆಗಳ ವಿಷಯದಲ್ಲಿ ಅವನಿಗೂ ಮೇಲಿನ ಪ್ರಾಧಿಕಾರ ಅಂಗೀಕರಿಸುತ್ತದೆ. ಒಬ್ಬನ ರಾಗದ್ವೇಷಗಳು ಇನ್ನೊಬ್ಬನ ಕಣ್ಣಿನಲ್ಲಿ ತಿದ್ದಲ್ಪಡಬೇಕೆಂಬುದು ಈ ಏರ್ಪಾಡಿನ ಉದ್ದೇಶ. ವರದಿಯ ಕೊನೆಗೆ ‘ಅತ್ಯುತ್ತಮ’, ‘ಬಹಳ ಉತ್ತಮ’, ‘ಉತ್ತಮ’, ‘ಸಾಧಾರಣ’ ಮೊದಲಾದ ಶ್ರೇಣಿಗಳಲ್ಲಿ ಒಂದನ್ನು ನಮೂದಿಸಲಾಗುತ್ತಿತ್ತು. ವರ್ಷದಿಂದ ವರ್ಷಕ್ಕೆ ಸೇರುತ್ತ ಹೋಗುವ ಈ ವರದಿಗಳ ಕಡತವನ್ನು ಇಲಾಖಾ ಮುಂಬಡ್ತಿ ಸಮಿತಿ ನೋಡಿ, ಯಾರು ಅರ್ಹರೆಂದು ನಿರ್ಧರಿಸುತ್ತಿತ್ತು.

ಇಲ್ಲಿ ಒಂದು ಅಂಶ ಗಮನಾರ್ಹವಾದುದು. ಈ ಪದ್ಧತಿಯಲ್ಲಿ ನೌಕರನಿಗೆ ಏನನ್ನೂ ತಿಳಿಸಬಾರದೆಂಬ ನಿಯಮವೇನೂ ಇರಲಿಲ್ಲ. ಪ್ರತಿಕೂಲವಾದ ಷರಾ ಇದ್ದರೆ ಅದನ್ನು ತಿಳಿಸಿ, ಮನವಿ ಸಲ್ಲಿಸಲು ಅವಕಾಶ ಕೊಡಬೇಕಿತ್ತು. ತಿಳಿಸದ ಪ್ರತಿಕೂಲ ಷರಾವನ್ನು ಆಧಾರವಾಗಿಟ್ಟುಕೊಂಡು ಮುಂಬಡ್ತಿಯನ್ನು ನಿರಾಕರಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1979ರಲ್ಲಿ ಗುರ್ದಿಯಾಲ್ ಸಿಂಗ್ ಫಿಜ್ಜಿ ಪ್ರಕರಣದಲ್ಲಿ ಹೇಳಿತ್ತು. ಹೀಗಿರುವಾಗ ತೊಡಕು ಉಳಿದದ್ದು ‘ಪ್ರತಿಕೂಲ’ ಎಂಬ ಪದದ ಅರ್ಥದಲ್ಲಿ. ಯಾವುದು ಪ್ರತಿಕೂಲವೆಂದು ತೀರ್ಮಾನಿಸುವವನು ಬರೆದ ಅಧಿಕಾರಿಯೇ. ‘ಸೋಮಾರಿ’ ಎಂದು ಬರೆದರೆ ತಿಳಿಸಬೇಕು. ‘ಉತ್ತಮ’ ಎಂದು ಬರೆದರೆ ತಿಳಿಸಬೇಕಾಗಿಲ್ಲ. ಏಕೆಂದರೆ ನಿಘಂಟಿನ ಪ್ರಕಾರ ಅದು ಹೊಗಳಿಕೆ.

ಈ ಗೋಪ್ಯತೆಯನ್ನು ಸಡಿಲಿಸುವ ಪ್ರಯತ್ನದ ಚರಿತ್ರೆಗೆ ಕರ್ನಾಟಕದ ನಂಟೂ ಉಂಟು. 1966ರಲ್ಲಿ ರಚನೆಯಾದ ಮೊದಲ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷತೆಯನ್ನು 1967ರಿಂದ ವಹಿಸಿದವರು ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಕೆಂಗಲ್ ಹನುಮಂತಯ್ಯನವರು. ಆ ಆಯೋಗ 1969ರಲ್ಲಿ ಸಿಬ್ಬಂದಿ ಆಡಳಿತವನ್ನು ಕುರಿತು ಸಲ್ಲಿಸಿದ ವರದಿಯಲ್ಲಿ, ಈ ದಾಖಲೆಯನ್ನು ‘ಗೋಪ್ಯ ವರದಿ’ ಎನ್ನದೆ ‘ಕಾರ್ಯನಿರ್ವಹಣಾ ವರದಿ’ ಎಂದು ಕರೆಯಬೇಕೆಂದಿತು. ವರ್ಷದ ಕೊನೆಗೆ ನೌಕರನೇ ತನ್ನ ಕೆಲಸದ ಸಂಕ್ಷಿಪ್ತ ವಿವರವನ್ನು ಬರೆದುಕೊಡಬೇಕು, ಅದು ವರದಿಯ ಭಾಗವಾಗಬೇಕು ಎಂದೂ ಸೂಚಿಸಿತು. ಸರದಿ ಮೀರಿದ ಮುಂಬಡ್ತಿಗೆ ಅರ್ಹ, ಮುಂಬಡ್ತಿಗೆ ಅರ್ಹ, ಇನ್ನೂ ಅರ್ಹನಲ್ಲ ಎಂಬ ಮೂರೇ ಶ್ರೇಣಿಗಳು ಸಾಕು. ಮೊದಲ ಶ್ರೇಣಿ ಒಂದೇ ಬಗೆಯ ಕೆಲಸದ ಸಮಾನ ಹಂತದ ನೌಕರರಲ್ಲಿ ಶೇಕಡಾ 5ರಿಂದ 10ನ್ನು ಮೀರಬಾರದು ಎಂಬುದು ಅದರ ಮತ್ತೊಂದು ಸಲಹೆ. ಈ ಮಿತಿಯ ಮಾತನ್ನು ನೆನಪಿನಲ್ಲಿಡಬೇಕು. ಮುಂದೆ ಕಂಪೆನಿಗಳು ಹಿಡಿದ ದಾರಿಗೂ ಇದಕ್ಕೂ ಇರುವ ಅಂತರವನ್ನು ಅಳೆಯಲು ಅದು ಉಪಯುಕ್ತವಾಗಿದೆ.

ಕರ್ನಾಟಕ ಸಿವಿಲ್ ಸೇವೆಗಳ ನಿಯಮಗಳು ಮುಂದೆ ‘ಕಾರ್ಯನಿರ್ವಹಣಾ ವರದಿ’ ಎಂಬ ಹೆಸರನ್ನೇ ಸ್ವೀಕರಿಸಿದವು. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಹೆಸರಿನಿಂದ ‘ಗೋಪ್ಯ’ ಎಂಬ ವಿಶೇಷಣ ಕಳಚಿಬೀಳಲು 2009ರವರೆಗೆ ಕಾಯಬೇಕಾಯಿತು. ಅದಕ್ಕೆ ಕಾರಣವಾದದ್ದು ಗಡಿ ರಸ್ತೆಗಳ ಎಂಜಿನಿಯರ್ ಒಬ್ಬರ ವ್ಯಾಜ್ಯ.

ದೇವ್ ದತ್ ಪ್ರಕರಣ

ದೇವ್ ದತ್ ಅವರು ಗಡಿ ರಸ್ತೆಗಳ ಎಂಜಿನಿಯರಿಂಗ್ ಸೇವೆಯಲ್ಲಿ 1988ರಿಂದ ಕಾರ್ಯಪಾಲಕ ಎಂಜಿನಿಯರ್ ಆಗಿದ್ದರು. ಐದು ವರ್ಷಗಳ ಸೇವೆಯ ಬಳಿಕ, ಅಂದರೆ 1993ರಲ್ಲಿ, ಅಧೀಕ್ಷಕ ಎಂಜಿನಿಯರ್ ಹುದ್ದೆಗೆ ಪರಿಗಣಿತರಾಗುವ ಅರ್ಹತೆ ಅವರಿಗೆ ದೊರೆಯಿತು. ಆ ಹುದ್ದೆಯ ವೇತನ ಶ್ರೇಣಿಗೆ 1989ರ ಕೇಂದ್ರ ಸರ್ಕಾರದ ಆದೇಶವೊಂದು ಅನ್ವಯಿಸುತ್ತಿತ್ತು. ಅದರಂತೆ ಹಿಂದಿನ ಐದು ವರ್ಷಗಳ ವರದಿಗಳಲ್ಲಿ ಅಭ್ಯರ್ಥಿಯ ಶ್ರೇಣಿ ‘ಬಹಳ ಉತ್ತಮ’ ಎಂದಿರಬೇಕಿತ್ತು. ಮುಂಬಡ್ತಿ ಸಮಿತಿ 1994ರ ಡಿಸೆಂಬರಿನಲ್ಲಿ ಸೇರಿತು. ದೇವ್ ದತ್ ಅವರ 1993-94ರ ವರದಿಯಲ್ಲಿ ‘ಉತ್ತಮ’ ಎಂಬ ನಮೂದಿತ್ತು. ಆ ಒಂದು ನಮೂದಿನಿಂದಾಗಿ ಅವರು ಅರ್ಹರಾಗಲಿಲ್ಲ. ಅವರಿಗಿಂತ ಕಿರಿಯರಾದವರು ಆಯ್ಕೆಯಾಗಿ ಮುಂಬಡ್ತಿ ಪಡೆದರು.

‘ಉತ್ತಮ’ ಎಂಬ ಆ ನಮೂದನ್ನು ಯಾರೂ ಅವರಿಗೆ ತಿಳಿಸಿರಲಿಲ್ಲ. ತಿಳಿಸಿದ್ದರೆ ಕಾರಣ ಕೇಳಬಹುದಿತ್ತು, ಮೇಲ್ದರ್ಜೆಗೇರಿಸುವಂತೆ ಮನವಿ ಮಾಡಬಹುದಿತ್ತು ಎಂಬುದು ಅವರ ವಾದ. ಇದು ಪ್ರತಿಕೂಲ ನಮೂದಲ್ಲ, ಪ್ರತಿಕೂಲವಾದವನ್ನು ಮಾತ್ರ ತಿಳಿಸಬೇಕೆಂಬುದು ನಿಯಮ ಎಂದು ಸರ್ಕಾರ ಉತ್ತರಿಸಿತು. ಗುವಾಹಟಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವೂ ವಿಭಾಗೀಯ ಪೀಠವೂ ಸರ್ಕಾರದ ನಿಲುವನ್ನು ಒಪ್ಪಿದವು. ಪ್ರಕರಣ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದು 2008ರ ಮೇ 12ರಂದು ತೀರ್ಮಾನವಾಗುವ ಹೊತ್ತಿಗೆ ದೇವ್ ದತ್ ನಿವೃತ್ತರಾಗಿದ್ದರು.

ನ್ಯಾಯಮೂರ್ತಿಗಳಾದ ಎಚ್.ಕೆ. ಸೇಮಾ ಮತ್ತು ಮಾರ್ಕಂಡೇಯ ಕಾಟ್ಜು ಅವರ ಪೀಠ ಪದದ ಅರ್ಥವನ್ನು ಹುಡುಕಿದ್ದು ಅದರ ಪರಿಣಾಮದಲ್ಲಿ. ‘ಬಹಳ ಉತ್ತಮ’ ಎಂಬುದು ಕನಿಷ್ಠ ಮಟ್ಟವಾಗಿರುವಲ್ಲಿ ‘ಉತ್ತಮ’ ಎಂಬ ನಮೂದು ನೌಕರನನ್ನು ಪರಿಗಣನೆಯಿಂದಲೇ ಹೊರಗಿಡುತ್ತದೆ. ಹಾಗಾಗಿ ಅದು ಪ್ರತಿಕೂಲವೇ. ಪೀಠ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕನಿಷ್ಠ ಮಟ್ಟವನ್ನು ನಿಗದಿಪಡಿಸದಿದ್ದರೂ, ತುಲನಾತ್ಮಕ ಅರ್ಹತೆಯನ್ನು ನೋಡುವಾಗ ‘ಉತ್ತಮ’ ಪಡೆದವನಿಗಿಂತ ‘ಬಹಳ ಉತ್ತಮ’ ಪಡೆದವನಿಗೆ ಹೆಚ್ಚಿನ ಅವಕಾಶವಿರುತ್ತದೆ. ಆದಕಾರಣ ಅತಿ ಕೆಳಗಿನದರಿಂದ ಅತಿ ಮೇಲಿನದರವರೆಗೆ ಪ್ರತಿಯೊಂದು ನಮೂದನ್ನೂ ನೌಕರನಿಗೆ ತಿಳಿಸಬೇಕು. ತಿಳಿಸದಿರುವುದು ಸಂವಿಧಾನದ 14ನೆಯ ಅನುಚ್ಛೇದಕ್ಕೆ ವಿರುದ್ಧವಾದ ಸ್ವೇಚ್ಛಾಚಾರವಾಗುತ್ತದೆ ಎಂದಿತು.

ಈ ತೀರ್ಪಿನ ಪರಿಹಾರ ಭಾಗವೂ ಅಷ್ಟೇ ಮುಖ್ಯವಾದುದು. ನ್ಯಾಯಾಲಯ ದೇವ್ ದತ್ ಅವರ ಶ್ರೇಣಿಯನ್ನು ತಾನೇ ಬದಲಿಸಲಿಲ್ಲ. ಎರಡು ತಿಂಗಳೊಳಗೆ ನಮೂದನ್ನು ಅವರಿಗೆ ತಿಳಿಸಬೇಕು. ಅವರು ಬಯಸಿದರೆ ಎರಡು ತಿಂಗಳೊಳಗೆ ಮನವಿ ಸಲ್ಲಿಸಬಹುದು. ಅದನ್ನು ಇನ್ನೆರಡು ತಿಂಗಳೊಳಗೆ ತೀರ್ಮಾನಿಸಬೇಕು. ಶ್ರೇಣಿ ಮೇಲೇರಿದರೆ ಹಿಂದಿನ ದಿನಾಂಕದಿಂದ ಮುಂಬಡ್ತಿಗೆ ಪರಿಗಣಿಸಬೇಕು. ಆಯ್ಕೆಯಾದರೆ ಹೆಚ್ಚಿನ ನಿವೃತ್ತಿವೇತನವನ್ನೂ ವೇತನದ ಬಾಕಿಯನ್ನು ಶೇಕಡಾ 8ರ ಬಡ್ಡಿಯೊಡನೆಯೂ ಕೊಡಬೇಕು ಎಂದು ಆದೇಶಿಸಿತು. ಮನವಿಯನ್ನು ತೀರ್ಮಾನಿಸುವವನು ವರದಿ ಬರೆದವನೇ ಆಗಿರಬಾರದು, ಅವನಿಗಿಂತ ಮೇಲಿನ ಪ್ರಾಧಿಕಾರವಾಗಿರಬೇಕು ಎಂಬ ನಿಯಮವನ್ನೂ ಹಾಕಿಕೊಟ್ಟಿತು. ಒಟ್ಟಿನಲ್ಲಿ ನ್ಯಾಯಾಲಯ ರಕ್ಷಿಸಿದ್ದು ಉತ್ತರಿಸುವ ಅವಕಾಶವನ್ನು; ಅಂಕ ಕೊಡುವ ಅಧಿಕಾರವನ್ನು ಅದು ಆಡಳಿತದ ಕೈಯಲ್ಲಿಯೇ ಉಳಿಸಿತು.

ಈ ನಿಲುವು ಕೂಡಲೇ ನಿರ್ವಿವಾದವಾಗಲಿಲ್ಲ. ಇದಕ್ಕೆ ಹೊಂದದ ಬೇರೆ ತೀರ್ಪುಗಳೂ ಇದ್ದುದರಿಂದ ಪ್ರಶ್ನೆ ಮೂವರು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂತು. 2013ರ ಏಪ್ರಿಲ್ 23ರಂದು ಸುಖದೇವ್ ಸಿಂಗ್ ಪ್ರಕರಣದಲ್ಲಿ ಆ ಪೀಠ ದೇವ್ ದತ್ ತೀರ್ಪನ್ನು ಸಂಪೂರ್ಣವಾಗಿ ಎತ್ತಿಹಿಡಿಯಿತು. ಆ ವೇಳೆಗೆ ಕೇಂದ್ರ ಸರ್ಕಾರ 2009ರ ಮೇ 14ರ ಆದೇಶದ ಮೂಲಕ 2008-09ರ ಸಾಲಿನಿಂದ ಸಂಪೂರ್ಣ ವರದಿಯನ್ನು ನೌಕರನಿಗೆ ಕೊಡುವ ಕ್ರಮವನ್ನು ಜಾರಿಗೆ ತಂದಿತ್ತು. ವರದಿ ಕೈಸೇರಿದ 15 ದಿನಗಳೊಳಗೆ ನೌಕರ ಮನವಿ ಸಲ್ಲಿಸಬಹುದು. ದಾಖಲೆಯ ಹೆಸರೂ ‘ವಾರ್ಷಿಕ ಕಾರ್ಯನಿರ್ವಹಣಾ ಮೌಲ್ಯಮಾಪನ ವರದಿ’ ಎಂದಾಯಿತು. ಹನುಮಂತಯ್ಯನವರ ಆಯೋಗ ಕೇಳಿದ್ದು ಹೆಸರಿನ ಮಟ್ಟಿಗೆ ನಾಲ್ಕು ದಶಕಗಳ ಬಳಿಕ ಕೈಗೂಡಿತು.

ಶ್ರೇಣಿ: ಹೊಸ್ತಿಲು ಮತ್ತು ಪಾಲು

ಹೊಸ ವರದಿಯಲ್ಲಿ ಪದಗಳ ಜಾಗವನ್ನು ಬಹುಮಟ್ಟಿಗೆ ಅಂಕಗಳು ತೆಗೆದುಕೊಂಡವು. ಕೇಂದ್ರ ಸರ್ಕಾರದ 2009ರ ಮಾರ್ಗಸೂಚಿಯಂತೆ ಒಂದರಿಂದ ಹತ್ತರವರೆಗಿನ ಅಳತೆಯಲ್ಲಿ ಅಂಕ ಕೊಡಬೇಕು. ಮಾಡಿದ ಕೆಲಸಕ್ಕೆ ಶೇಕಡಾ 40, ವೈಯಕ್ತಿಕ ಗುಣಗಳಿಗೆ 30, ಕಾರ್ಯಸಾಮರ್ಥ್ಯಕ್ಕೆ 30ರ ತೂಕ. ಒಟ್ಟು ಅಂಕ 8ರಿಂದ 10ರವರೆಗೆ ಇದ್ದರೆ ‘ಅತ್ಯುತ್ತಮ’. 6ರಿಂದ 8ರೊಳಗೆ ‘ಬಹಳ ಉತ್ತಮ’. 4ರಿಂದ 6ರೊಳಗೆ ‘ಉತ್ತಮ’.

ಇದು ಹೇಗೆ ಕೆಲಸ ಮಾಡುತ್ತದೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ಒಬ್ಬ ನೌಕರನಿಗೆ ಕೆಲಸಕ್ಕೆ 6.5, ಗುಣಗಳಿಗೆ 5.5, ಸಾಮರ್ಥ್ಯಕ್ಕೆ 5.5 ದೊರೆಯಿತೆನ್ನೋಣ. ತೂಕದ ಪ್ರಕಾರ ಇವು 2.6, 1.65, 1.65 ಆಗಿ ಒಟ್ಟು 5.9 ಬರುತ್ತದೆ, ಶ್ರೇಣಿ ‘ಉತ್ತಮ’. ಸಾಮರ್ಥ್ಯದ ಅಂಕ ಅರ್ಧ ಹೆಚ್ಚಿ 6 ಆಗಿದ್ದರೆ ಒಟ್ಟು 6.05, ಶ್ರೇಣಿ ‘ಬಹಳ ಉತ್ತಮ’. ಮುಂಬಡ್ತಿಗೆ ಎರಡನೆಯ ಶ್ರೇಣಿಯೇ ಕನಿಷ್ಠ ಮಟ್ಟವಾಗಿದ್ದರೆ ಆ ಅರ್ಧ ಅಂಕದ ಮೇಲೆ ಅವನ ಭವಿಷ್ಯ ನಿಂತಿರುತ್ತದೆ. ಆದರೆ ಈ ಲೆಕ್ಕದಲ್ಲಿ ಅವನ ಸಹೋದ್ಯೋಗಿಯ ಅಂಕ ಎಲ್ಲಿಯೂ ಬರುವುದಿಲ್ಲ ಎಂಬುದನ್ನು ಗಮನಿಸಬೇಕು. ಒಂದೇ ಕಚೇರಿಯ ಇಪ್ಪತ್ತು ಮಂದಿಯೂ 6ನ್ನು ದಾಟಬಹುದು. ಸರ್ಕಾರಿ ಶ್ರೇಣಿ ಒಂದು ಹೊಸ್ತಿಲು. ದಾಟಿದವರೆಲ್ಲ ಒಳಗೆ, ದಾಟದವರು ಹೊರಗೆ. ಹೊಸ್ತಿಲಿನ ಎತ್ತರ ಆದೇಶದಲ್ಲಿ ಅಚ್ಚಾಗಿರುತ್ತದೆ, ಮತ್ತು ಅದನ್ನು ಏರಿಸಬಹುದು. ಏಳನೆಯ ವೇತನ ಆಯೋಗದ ಶಿಫಾರಸನ್ನು ಒಪ್ಪಿದ ಕೇಂದ್ರ ಸರ್ಕಾರ 2016ರಲ್ಲಿ, 10, 20 ಮತ್ತು 30 ವರ್ಷಗಳ ಸೇವೆಗೆ ದೊರೆಯುವ ಆರ್ಥಿಕ ಬಡ್ತಿಗೂ ‘ಉತ್ತಮ’ದ ಬದಲು ‘ಬಹಳ ಉತ್ತಮ’ವನ್ನು ಕನಿಷ್ಠ ಮಟ್ಟವಾಗಿ ಮಾಡಿತು. ‘ಉತ್ತಮ’ ಎಂಬ ಪದ ಹೀಗೆ ಇನ್ನಷ್ಟು ಕೆಳಗಿಳಿಯಿತು.

ಕಂಪೆನಿಗಳ ಚರಿತ್ರೆ ಬೇರೆ ಹಾದಿಯದು. ಭಾರತದ ದೊಡ್ಡ ಕಂಪೆನಿಗಳಲ್ಲಿಯೂ ಮೊದಲಿಗೆ ಗೋಪ್ಯ ವರದಿಯನ್ನು ಹೋಲುವ ಪದ್ಧತಿಯೇ ಇತ್ತು. 1970ರ ದಶಕದ ನಡುವಿನಲ್ಲಿ ಲಾರ್ಸೆನ್ ಅಂಡ್ ಟೂಬ್ರೊ ಕಂಪೆನಿ ತನ್ನ ಮೌಲ್ಯಮಾಪನ ಪದ್ಧತಿಯ ಪರಿಶೀಲನೆಯನ್ನು ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯ ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ ಅವರಿಗೆ ಒಪ್ಪಿಸಿತು. ಆಗಿರುವ ಕೆಲಸದ ಮೌಲ್ಯಮಾಪನ, ಮುಂದಿನ ಹೊಣೆಗೆ ಇರುವ ಸಾಮರ್ಥ್ಯದ ಅಂದಾಜು, ನೌಕರನೊಡನೆ ಸಮಾಲೋಚನೆ ಇವು ಬೇರೆ ಬೇರೆ ಕೆಲಸಗಳೆಂದು ಅವರು ವಿಂಗಡಿಸಿದರು. ನೌಕರನೊಡನೆ ಮಾತನಾಡುವುದು ಅಲ್ಲಿಂದ ಮುಂದೆ ಭಾರತೀಯ ಕಂಪೆನಿಗಳ ಪದ್ಧತಿಯ ಅಂಗವಾಗತೊಡಗಿತು.

ಮಾತುಕತೆ ತೆರೆದುಕೊಳ್ಳುತ್ತಿದ್ದ ಕಾಲದಲ್ಲಿಯೇ ಶ್ರೇಣಿಯ ತರ್ಕ ಬದಲಾಯಿತು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯನ್ನು 1981ರಿಂದ 2001ರವರೆಗೆ ನಡೆಸಿದ ಜ್ಯಾಕ್ ವೆಲ್ಚ್ ವ್ಯವಸ್ಥಾಪಕರನ್ನು ಶೇಕಡಾ 20, 70, 10 ಎಂದು ವಿಂಗಡಿಸುವ ಕ್ರಮವನ್ನು ಪ್ರಸಿದ್ಧಿಗೆ ತಂದರು. ಕೊನೆಯ ಹತ್ತು ಭಾಗದವರು ಸಾಮಾನ್ಯವಾಗಿ ಹೊರಹೋಗಬೇಕಿತ್ತು. ‘ಬೆಲ್ ಕರ್ವ್’ ಎಂಬ ಹೆಸರಿನಲ್ಲಿ ಈ ಬಗೆಯ ಕಡ್ಡಾಯ ಹಂಚಿಕೆ ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಕಂಪೆನಿಗಳಲ್ಲಿಯೂ ಬಳಕೆಗೆ ಬಂತು. ಇಲ್ಲಿ ಶ್ರೇಣಿ ಹೊಸ್ತಿಲಲ್ಲ, ಪಾಲು. ಇಪ್ಪತ್ತು ಜನರ ತಂಡದಲ್ಲಿ ಶೇಕಡಾ 10ರ ನಿಯಮವಿದ್ದರೆ ಇಬ್ಬರು ಕೊನೆಯ ಶ್ರೇಣಿಗೆ ಬೀಳಲೇಬೇಕು. ಇಪ್ಪತ್ತೂ ಜನ ಒಪ್ಪಿಕೊಂಡ ಗುರಿಗಳನ್ನು ಮುಟ್ಟಿದ್ದರೂ ಲೆಕ್ಕ ಬದಲಾಗುವುದಿಲ್ಲ. ಅದೇ ನೌಕರ ದುರ್ಬಲ ತಂಡವೊಂದರಲ್ಲಿದ್ದರೆ ಅದೇ ಕೆಲಸಕ್ಕೆ ನಡುವಿನ ಶ್ರೇಣಿ ಪಡೆಯುತ್ತಿದ್ದ. ವ್ಯವಸ್ಥಾಪಕರು ಒಟ್ಟಿಗೆ ಕುಳಿತು ತಂಡಗಳ ಶ್ರೇಣಿಗಳನ್ನು ಸರಿದೂಗಿಸುವ ಸಭೆಯಲ್ಲಿ ಈ ಹಂಚಿಕೆ ತೀರ್ಮಾನವಾಗುತ್ತದೆ. ಆ ಸಭೆಯಲ್ಲಿ ನೌಕರನಿಗೆ ಸ್ಥಾನವಿಲ್ಲ. ಇತರರ ಶ್ರೇಣಿ ಅವನಿಗೆ ತಿಳಿಯುವುದೂ ಇಲ್ಲ.

ಹನುಮಂತಯ್ಯನವರ ಆಯೋಗವೂ ಶೇಕಡಾವಾರು ಮಿತಿಯನ್ನು ಸೂಚಿಸಿತ್ತಲ್ಲವೆ ಎಂದು ಕೇಳಬಹುದು. ವ್ಯತ್ಯಾಸ ಇರುವುದು ದಿಕ್ಕಿನಲ್ಲಿ. ಆಯೋಗದ ಮಿತಿ ಮೇಲಿನ ಶ್ರೇಣಿಗೆ ಮಾತ್ರ ಹಾಕಿದ ತಡೆ. ಇಷ್ಟು ಜನ ಅನರ್ಹರಾಗಿರಲೇಬೇಕೆಂದು ಅದು ಹೇಳಿರಲಿಲ್ಲ. ಕಂಪೆನಿಗಳ ಹಂಚಿಕೆ ಕೆಳಗಿನ ಶ್ರೇಣಿಗೂ ಜನರನ್ನು ಒದಗಿಸಬೇಕೆಂದಿತು. ಈ ಕ್ರಮದ ದೋಷಗಳು ಕಂಪೆನಿಗಳಿಗೂ ಅರಿವಾದವು. ಮೈಕ್ರೋಸಾಫ್ಟ್ 2013ರಲ್ಲಿ ಇದನ್ನು ಕೈಬಿಟ್ಟಿತು. ಬೆಂಗಳೂರಿನ ಇನ್ಫೋಸಿಸ್ 2015ರಲ್ಲಿ ಕಡ್ಡಾಯ ಹಂಚಿಕೆಯನ್ನು ನಿಲ್ಲಿಸಿತು. ಆದರೆ ವೇತನ ಹೆಚ್ಚಳಕ್ಕೆ ಮೀಸಲಾದ ಹಣದ ಮೊತ್ತ ನಿಗದಿಯಾಗಿರುವವರೆಗೂ ಒಬ್ಬನಿಗೆ ಹೆಚ್ಚು ಕೊಟ್ಟರೆ ಮತ್ತೊಬ್ಬನಿಗೆ ಕಡಿಮೆಯಾಗುವ ಲೆಕ್ಕ ಹೆಸರಿಲ್ಲದೆಯೂ ಉಳಿಯುತ್ತದೆ.

ಒಕ್ಕಣೆ: ಖಾಲಿ ಅಂಕಣವೂ ಮೃದು ಮಾತೂ

ಗೋಪ್ಯ ವರದಿಯ ಭಾಷೆಯನ್ನು ಅರಿಯಲು ಅದರ ಪ್ರಾಮಾಣಿಕತೆಯ ಅಂಕಣಕ್ಕಿಂತ ಉತ್ತಮವಾದ ನಿದರ್ಶನವಿಲ್ಲ. ಸಂದೇಹವಿಲ್ಲದಿದ್ದರೆ ‘ಪ್ರಾಮಾಣಿಕತೆ ಸಂಶಯಾತೀತ’ ಎಂಬ ಅರ್ಥದ ಸಿದ್ಧ ವಾಕ್ಯವನ್ನು ಬರೆಯಲಾಗುತ್ತದೆ. ಸಂದೇಹವಿದ್ದರೆ ಏನನ್ನೂ ಬರೆಯದೆ ಅಂಕಣವನ್ನು ಖಾಲಿ ಬಿಟ್ಟು, ಪ್ರತ್ಯೇಕವಾದ ರಹಸ್ಯ ಟಿಪ್ಪಣಿಯನ್ನು ಸಿದ್ಧಪಡಿಸಿ ವಿಚಾರಣೆ ಮುಂದುವರಿಸಬೇಕು. ಸಂದೇಹ ನಿವಾರಣೆಯಾದರೆ ಆಗ ಸಂಶಯಾತೀತವೆಂದು ದೃಢೀಕರಿಸಬೇಕು. ದೃಢಪಟ್ಟರೆ ಅದನ್ನು ದಾಖಲಿಸಿ ನೌಕರನಿಗೆ ತಿಳಿಸಬೇಕು. ಎರಡೂ ಆಗದಿದ್ದರೆ ಇನ್ನಷ್ಟು ಕಾಲ ಗಮನಿಸಬೇಕು. ಆಧಾರವಿಲ್ಲದ ಆರೋಪ ಕಾಗದಕ್ಕೆ ಇಳಿಯದಿರಲೆಂಬುದು ಈ ಕ್ರಮದ ಹಿಂದಿನ ವಿವೇಕ. ಆದರೆ ವರದಿಗಳನ್ನು ಓದಿ ಪಳಗಿದವನಿಗೆ ಖಾಲಿ ಅಂಕಣ ಬರೆದ ಸಾಲಿಗಿಂತ ಹೆಚ್ಚು ಹೇಳುತ್ತದೆ. ಎಲ್ಲರ ವರದಿಯಲ್ಲಿಯೂ ಇರುವ ವಾಕ್ಯ ಒಬ್ಬನ ವರದಿಯಲ್ಲಿ ಮಾತ್ರ ಇಲ್ಲದಿದ್ದರೆ ಮೌನವೇ ಷರಾ ಆಗುತ್ತದೆ.

ಸಿದ್ಧ ವಾಕ್ಯಗಳ ಲೋಕದಲ್ಲಿ ಅರ್ಥ ಹುಟ್ಟುವುದು ಹೋಲಿಕೆಯಿಂದ. ಉತ್ತರ ಪ್ರದೇಶ ಜಲ ನಿಗಮದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಇದನ್ನು ಗುರುತಿಸಿತ್ತು. ಹಿಂದಿನ ವರ್ಷ ಎತ್ತರದ ಶ್ರೇಣಿಯಲ್ಲಿದ್ದವನನ್ನು ಈ ವರ್ಷ ಕೆಳಗಿಳಿಸಿದರೆ, ಬಳಸಿದ ಪದ ಒಳ್ಳೆಯದಾಗಿದ್ದರೂ ಇಳಿತವೇ ಪ್ರತಿಕೂಲವಾಗಬಹುದು. ಕಾರಣವನ್ನು ದಾಖಲಿಸಿ ನೌಕರನಿಗೆ ತಿಳಿಸಬೇಕು ಎಂದು ಅದು ಹೇಳಿತು. ದೇವ್ ದತ್ ತೀರ್ಪಿನ ಬೀಜ ಇಲ್ಲಿಯೇ ಇದೆ.

2009ರ ನಂತರದ ಕೇಂದ್ರ ಸರ್ಕಾರದ ನಮೂನೆಯಲ್ಲಿ ವರದಿ ಮಾಡುವ ಅಧಿಕಾರಿ ಸುಮಾರು 100 ಪದಗಳಲ್ಲಿ ನೌಕರನ ಶಬ್ದಚಿತ್ರವನ್ನು ಬರೆಯಬೇಕು. ಅವನ ಬಲ, ಕೊರತೆ, ವಿಶೇಷ ಸಾಧನೆ, ಗಮನಾರ್ಹ ವೈಫಲ್ಯಗಳ ಜೊತೆಗೆ ದುರ್ಬಲ ವರ್ಗಗಳ ಬಗೆಗಿನ ಅವನ ಮನೋಭಾವವನ್ನೂ ಹೇಳಬೇಕು. ಈ ಕೊನೆಯ ಬಾಬ್ತು ಸರ್ಕಾರಿ ವರದಿಯ ವಿಶಿಷ್ಟ ಲಕ್ಷಣ. ನೌಕರನನ್ನು ಇಲ್ಲಿ ಮೇಲಧಿಕಾರಿಯ ಅಧೀನನನ್ನಾಗಿ ಮಾತ್ರವಲ್ಲದೆ ಪ್ರಜೆಗಳೊಡನೆ ವ್ಯವಹರಿಸುವವನನ್ನಾಗಿಯೂ ಕಾಣಲಾಗಿದೆ.

ಕಂಪೆನಿಗಳ ಒಕ್ಕಣೆ ಇದಕ್ಕೆ ವ್ಯತಿರಿಕ್ತವಾದುದು. ವರ್ಷದ ಆರಂಭದಲ್ಲಿ ಒಪ್ಪಿಕೊಂಡ ಗುರಿಗಳನ್ನು ಹಿಡಿದು ‘ನಿರೀಕ್ಷೆಯನ್ನು ಮೀರಿದ್ದಾರೆ’, ‘ನಿರೀಕ್ಷೆಯನ್ನು ಪೂರೈಸಿದ್ದಾರೆ’, ‘ಸುಧಾರಣೆ ಅಗತ್ಯ’ ಎಂಬ ಮಾತುಗಳಲ್ಲಿ ಅದು ನಡೆಯುತ್ತದೆ. ವ್ಯಕ್ತಿಯ ಶೀಲದ ಬಗ್ಗೆ ತೀರ್ಪು ಕೊಡುವ ಪದಗಳು ವಿರಳ. ಕೊರತೆಯನ್ನು ಸಹ ‘ಬೆಳೆಯಬೇಕಾದ ಕ್ಷೇತ್ರ’ ಎಂದು ಕರೆಯಲಾಗುತ್ತದೆ. ನೌಕರ ಎದುರಿಗೆ ಕುಳಿತು ಓದುವ ದಾಖಲೆಯಾದುದರಿಂದ ಮಾತು ಮೃದುವಾಗುವುದು ಸಹಜ. ಆದರೆ ಈ ಮೃದುತ್ವವೂ ದಾರಿ ತಪ್ಪಿಸಬಲ್ಲದು. ‘ನಿರೀಕ್ಷೆಯನ್ನು ಪೂರೈಸಿದ್ದಾರೆ’ ಎಂಬುದು ತೃಪ್ತಿಯ ಮಾತಿನಂತೆ ಕೇಳಿದರೂ, ಶೇಕಡಾ ಇಪ್ಪತ್ತರ ಹೊರಗೆ ಉಳಿದಿದ್ದಾನೆ ಎಂಬುದೇ ಅದರ ಅರ್ಥವಾಗಿರಬಹುದು. ‘ಕಾರ್ಯ ಸುಧಾರಣಾ ಯೋಜನೆ’ ಎಂಬ ಹೆಸರಿನ ಗಡುವು ಕೆಲವರಿಗೆ ನಿಜವಾಗಿ ಸುಧಾರಣೆಯ ಅವಕಾಶ, ಹಲವರಿಗೆ ಬೀಳ್ಕೊಡುಗೆಯ ಪೂರ್ವಸೂಚನೆ. ಯಾವುದೆಂದು ತಿಳಿಯಲು ಒಂದು ದಾರಿಯುಂಟು. ಗಡುವಿನೊಳಗೆ ಮುಟ್ಟಬೇಕಾದ ಗುರಿ ಅಳೆಯಬಹುದಾದ ರೀತಿಯಲ್ಲಿ ಬರೆದಿದೆಯೆ, ಮುಟ್ಟಿದರೆ ಏನಾಗುತ್ತದೆಂಬುದನ್ನು ಹೇಳಿದೆಯೆ ಎಂದು ನೋಡಬೇಕು.

ಪ್ರಶ್ನಿಸುವ ಹಕ್ಕು

ಎರಡು ಪದ್ಧತಿಗಳ ಅತ್ಯಂತ ಆಳವಾದ ಭೇದ ಇಲ್ಲಿದೆ. ಸರ್ಕಾರಿ ನೌಕರ ತನ್ನ ಶ್ರೇಣಿಯನ್ನು ಪ್ರಶ್ನಿಸುವಾಗ ಸಂವಿಧಾನದ 14 ಮತ್ತು 16ನೆಯ ಅನುಚ್ಛೇದಗಳು ಅವನ ಬೆನ್ನಿಗಿರುತ್ತವೆ. ಮುಂಬಡ್ತಿ ಅವನ ಹಕ್ಕಲ್ಲ. ಮುಂಬಡ್ತಿಗೆ ನ್ಯಾಯವಾಗಿ ಪರಿಗಣಿತನಾಗುವುದು ಹಕ್ಕು. ಆದ್ದರಿಂದ ಪರಿಗಣನೆಗೆ ಅಡ್ಡಬರುವ ನಮೂದು ನ್ಯಾಯಾಲಯದ ವಿಚಾರಣೆಗೆ ಒಳಪಡುತ್ತದೆ. ದೇವ್ ದತ್ ತೀರ್ಪು ಈ ತತ್ತ್ವವನ್ನು ಕಚೇರಿಗಳಿಗೆ ಮಾತ್ರ ಸೀಮಿತಗೊಳಿಸಲಿಲ್ಲ. ಸಾರ್ವಜನಿಕ ವಲಯದ ನಿಗಮಗಳು, ಶಾಸನಬದ್ಧ ಸಂಸ್ಥೆಗಳು ಮೊದಲಾದ, ಪ್ರಭುತ್ವದ ಅಂಗಗಳಾದ ಎಲ್ಲೆಡೆಗೂ ಅದು ಅನ್ವಯಿಸುತ್ತದೆಂದು ಹೇಳಿ, ಸೇನೆಯನ್ನು ಮಾತ್ರ ಹೊರಗಿಟ್ಟಿತು. ಅಂದರೆ ಸಾರ್ವಜನಿಕ ವಲಯದ ಕಂಪೆನಿ ಬಳಸುವ ನಮೂನೆ ಖಾಸಗಿ ಕಂಪೆನಿಯದರಂತೆಯೇ ಇದ್ದರೂ, ಪ್ರಶ್ನಿಸುವ ವಿಷಯದಲ್ಲಿ ಅದು ಸರ್ಕಾರಿ ಕಚೇರಿಯ ಸಾಲಿಗೆ ಸೇರುತ್ತದೆ. ಗಡಿರೇಖೆ ನಮೂನೆಯಲ್ಲಿಲ್ಲ, ಒಡೆತನದಲ್ಲಿದೆ.

ಖಾಸಗಿ ಕಂಪೆನಿ 12ನೆಯ ಅನುಚ್ಛೇದದ ಅರ್ಥದಲ್ಲಿ ‘ರಾಜ್ಯ’ವಲ್ಲ. ಅಲ್ಲಿಯ ಸೇವೆ ಕರಾರಿನ ಸಂಬಂಧ. ವೈಯಕ್ತಿಕ ಸೇವೆಯ ಕರಾರನ್ನು ನ್ಯಾಯಾಲಯ ಸಾಮಾನ್ಯವಾಗಿ ಬಲವಂತದಿಂದ ಜಾರಿಗೊಳಿಸುವುದಿಲ್ಲ, ಭಂಗವಾದರೆ ಪರಿಹಾರ ಕೊಡಿಸುತ್ತದೆ. ಹೀಗಾಗಿ ಕಡಿಮೆ ಶ್ರೇಣಿ ಪಡೆದವನಿಗೆ ಮೇಲಿನ ವ್ಯವಸ್ಥಾಪಕನನ್ನೋ ಮಾನವ ಸಂಪನ್ಮೂಲ ವಿಭಾಗವನ್ನೋ ಕಾಣುವ ಒಳದಾರಿಗಳು ಮಾತ್ರ ಇರುತ್ತವೆ. ಅವು ಕಂಪೆನಿ ಕೊಟ್ಟ ಸೌಕರ್ಯಗಳು, ಕೊಡದಿದ್ದರೆ ಕೇಳುವಂತಿಲ್ಲ. ಶ್ರೇಣಿ ಕೆಲಸದಿಂದ ತೆಗೆದುಹಾಕುವವರೆಗೆ ಹೋದಾಗ, 1947ರ ಕೈಗಾರಿಕಾ ವಿವಾದಗಳ ಕಾಯಿದೆಯ ಕಾಲದಿಂದ ‘ಕಾರ್ಮಿಕ’ ಎಂಬ ವ್ಯಾಖ್ಯೆಗೆ ಒಳಪಟ್ಟವನಿಗೆ ಕಾನೂನಿನ ಆಸರೆ ದೊರೆತಿದೆ. ಆಗಲೂ ವಿವಾದದ ವಸ್ತು ತೆಗೆದುಹಾಕಿದ ಕ್ರಮವೇ ಹೊರತು ಶ್ರೇಣಿಯಲ್ಲ.

ಕಾನೂನಿನ ಈ ಕೊರತೆಯ ಜೊತೆಗೆ ತರ್ಕದ ಕೊರತೆಯೂ ಇದೆ. ದೇವ್ ದತ್ ಅವರ ಕೈಯಲ್ಲಿ ಎರಡು ವಸ್ತುಗಳಿದ್ದವು: ಕನಿಷ್ಠ ಮಟ್ಟವನ್ನು ಹೇಳುವ ಆದೇಶ ಮತ್ತು ಆ ಮಟ್ಟ ಮುಟ್ಟದ ನಮೂದು. ಎರಡನ್ನೂ ಪಕ್ಕದಲ್ಲಿಟ್ಟಾಗ ಅನ್ಯಾಯ ಕಣ್ಣಿಗೆ ಬಿತ್ತು. ಪಾಲಿನ ಪದ್ಧತಿಯಲ್ಲಿ ನೌಕರನ ಕೈಗೆ ಸಿಗುವುದು ತನ್ನ ಶ್ರೇಣಿ ಮಾತ್ರ. ಅದು ತಪ್ಪೆಂದು ತೋರಿಸಬೇಕಾದರೆ ಸಹೋದ್ಯೋಗಿಗಳ ಶ್ರೇಣಿ, ಹಂಚಿಕೆಯ ಪ್ರಮಾಣ, ಸರಿದೂಗಿಸಿದ ಸಭೆಯ ವಿವರ ಮೂರೂ ಬೇಕು. ಅವು ಅವನಿಗೆ ದೊರೆಯುವುದಿಲ್ಲ. ತನ್ನ ಬಗ್ಗೆ ಬರೆದುದನ್ನೆಲ್ಲ ಓದಿಯೂ ತಾನೇಕೆ ಹಿಂದೆ ಬಿದ್ದೆನೆಂಬುದು ಅವನಿಗೆ ತಿಳಿಯದೆ ಹೋಗಬಹುದು.

ಉಪಸಂಹಾರ

ಮುಚ್ಚಿದ ಲಕೋಟೆ ತೆರೆದ ಮಾತ್ರಕ್ಕೆ ಸರ್ಕಾರಿ ವರದಿಯ ದೋಷಗಳೆಲ್ಲ ತೀರಿದವೆಂದು ಹೇಳಲಾಗದು. ಮತ್ತೊಬ್ಬ ಮಾಜಿ ಮುಖ್ಯಮಂತ್ರಿ ಎಂ. ವೀರಪ್ಪ ಮೊಯಿಲಿಯವರ ಅಧ್ಯಕ್ಷತೆಯ ಎರಡನೆಯ ಆಡಳಿತ ಸುಧಾರಣಾ ಆಯೋಗವೂ 2008ರಲ್ಲಿ ಸಿಬ್ಬಂದಿ ಆಡಳಿತದ ಕುರಿತ ತನ್ನ ಹತ್ತನೆಯ ವರದಿಯಲ್ಲಿ ಈ ವಿಷಯಕ್ಕೆ ಮರಳಬೇಕಾಯಿತು. ಕೆಳಗಿನ ಶ್ರೇಣಿ ಬರೆದ ಅಧಿಕಾರಿ ಮನವಿಗೆ ಉತ್ತರಿಸಬೇಕಾಗುತ್ತದೆ. ‘ಬಹಳ ಉತ್ತಮ’ ಎಂದು ಬರೆದವನಿಗೆ ಆ ತೊಂದರೆಯಿಲ್ಲ. ಆದ್ದರಿಂದ ಪದಗಳು ಮೇಲಕ್ಕೆ ಜಾರುತ್ತವೆ, ಅದನ್ನು ಸರಿಪಡಿಸಲು ಹೊಸ್ತಿಲನ್ನು ಏರಿಸಲಾಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ದೋಷವೊಂದು 2009ರ ಮಾರ್ಗಸೂಚಿಯೊಳಗೇ ಇದೆ. 1 ಅಥವಾ 2 ಅಂಕ ಕೊಟ್ಟರೆ ನಿರ್ದಿಷ್ಟ ವೈಫಲ್ಯಗಳನ್ನು, 9 ಅಥವಾ 10 ಕೊಟ್ಟರೆ ನಿರ್ದಿಷ್ಟ ಸಾಧನೆಗಳನ್ನು ಶಬ್ದಚಿತ್ರದಲ್ಲಿ ತೋರಿಸಿ ಸಮರ್ಥಿಸಬೇಕೆಂದು ಅದು ವಿಧಿಸುತ್ತದೆ. ಅಳತೆಯ ಎರಡು ತುದಿಗಳಲ್ಲಿ ಕಾರಣ ಕಡ್ಡಾಯ. ನಡುವೆ ಅಂತಹ ಕಟ್ಟುಪಾಡಿಲ್ಲ. ಆದರೆ ನೌಕರನ ಮುಂಬಡ್ತಿ ತೀರ್ಮಾನವಾಗುವುದು ನಡುವಿನಲ್ಲಿ, 6ರ ಗೆರೆಯ ಆಚೀಚೆ. ಮೇಲಿನ ಉದಾಹರಣೆಯ 5.9 ಅಂಕಕ್ಕೆ ನಿರ್ದಿಷ್ಟ ಕಾರಣ ಕೊಡಬೇಕೆಂದು ಮಾರ್ಗಸೂಚಿ ಕೇಳುವುದಿಲ್ಲ. ದೇವ್ ದತ್ ಅವರ ವರದಿಯಲ್ಲಿದ್ದ ‘ಉತ್ತಮ’ ಕೂಡ ಇದೇ ಪ್ರದೇಶದ ನಮೂದು. ಅಂದು ಅದನ್ನು ತಿಳಿಸಬೇಕಾಗಿರಲಿಲ್ಲ. ಇಂದು ತಿಳಿಸಬೇಕು, ಕಾರಣವನ್ನು ಮಾತ್ರ ನೌಕರನೇ ಮನವಿಯ ಮೂಲಕ ಕೇಳಿ ಪಡೆಯಬೇಕು. ಕಂಪೆನಿಯ ನೌಕರನಿಗೆ ಕೇಳುವ ಆ ಬಾಗಿಲೂ ಹಕ್ಕಿನಿಂದ ತೆರೆದುದಲ್ಲ. ಕಾರಣ ಬರೆಯುವ ಹೊಣೆಯನ್ನು ಅಳತೆಯ ತುದಿಗಳಿಂದ ಹೊಸ್ತಿಲಿನ ಬಳಿಗೆ ತಂದು, ಕನಿಷ್ಠ ಮಟ್ಟಕ್ಕಿಂತ ಕೆಳಗಿನ ಪ್ರತಿ ನಮೂದಿಗೂ ಅದನ್ನು ಕಡ್ಡಾಯ ಮಾಡಿದರೆ, ಆ ತೀರ್ಪು ಆರಂಭಿಸಿದ ಕೆಲಸ ಪೂರ್ಣವಾದೀತು.